ಬಸ್ ಬಂದಿದ್ದೇ ತಡ

ಬಸ್ ಬಂದ ಕೂಡಲೇ ಹುಡುಗರು ಹತ್ತಿದರು. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ಹೈಸ್ಕೂಲು ಮುಗಿಸಿದವರಿಗೆ ಅಷ್ಟೇನೂ ಕಷ್ಟವಿಲ್ಲ: ‘ಆ್ಯಸ್ ಸೂನ್ ಆ್ಯಸ್ ದ ಬಸ್ ಕೇಮ್, ದ ಬಾಯ್ಸ್ ಗಾಟ್ ಇನ್.’ ಕಷ್ಟ ಶುರುವಾಗುವುದು ಪ್ರಶ್ನೆಪತ್ರಿಕೆಯ ಮುಂದಿನ ಸಾಲಿನಲ್ಲಿ. ಅರ್ಥ ಬದಲಾಗದಂತೆ ಇದನ್ನು ‘ನೋ ಸೂನರ್... ದ್ಯಾನ್’ ಬಳಸಿ ಬರೆದಿರುವ ವಾಕ್ಯ ಯಾವುದು? ಕೆಳಗೆ ನಾಲ್ಕು ಆಯ್ಕೆಗಳು.

ಎ) ನೋ ಸೂನರ್ ದ ಬಸ್ ಕೇಮ್ ದ್ಯಾನ್ ದ ಬಾಯ್ಸ್ ಗಾಟ್ ಇನ್.
ಬಿ) ನೋ ಸೂನರ್ ಡಿಡ್ ದ ಬಸ್ ಕೇಮ್ ದ್ಯಾನ್ ದ ಬಾಯ್ಸ್ ಗಾಟ್ ಇನ್.
ಸಿ) ನೋ ಸೂನರ್ ಡಿಡ್ ದ ಬಸ್ ಕಮ್ ದ್ಯಾನ್ ದ ಬಾಯ್ಸ್ ಗಾಟ್ ಇನ್.
ಡಿ) ನೋ ಸೂನರ್ ಡಿಡ್ ದ ಬಸ್ ಕಮ್ ವೆನ್ ದ ಬಾಯ್ಸ್ ಗಾಟ್ ಇನ್.

ನಾಲ್ಕೂ ನೋಡಲು ಅಣ್ಣತಮ್ಮಂದಿರ ಹಾಗಿವೆ. ಒಂದೊಂದರ ನಡುವೆ ಒಂದು ಪದದ ವ್ಯತ್ಯಾಸ ಮಾತ್ರ. ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸಾಮಾನ್ಯ ಇಂಗ್ಲಿಷಿನ ಪತ್ರಿಕೆ ಬರೆಯುವವರಿಗೂ, ಮಹಾರಾಷ್ಟ್ರದ ಹನ್ನೆರಡನೇ ತರಗತಿಯಲ್ಲಿ ‘ಡು ಆ್ಯಸ್ ಡೈರೆಕ್ಟೆಡ್’ ಎಂಬ ತಲೆಬರಹದಡಿ ಇವನ್ನು ಎದುರಿಸುವವರಿಗೂ ಈ ನೋಟ ಹೊಸದಲ್ಲ. ಬಹಳಷ್ಟು ಮಂದಿ ಇದನ್ನು ಸೂತ್ರದಂತೆ ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆಯ ಗಡಿಬಿಡಿಯಲ್ಲಿ ಸೂತ್ರದ ಒಂದು ಕೊಂಡಿ ಕಳಚಿದರೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ. ಸೂತ್ರದ ಹಿಂದಿನ ಕಾರಣ ಗೊತ್ತಿದ್ದರೆ ಆ ಕೊಂಡಿಯನ್ನು ಮತ್ತೆ ಜೋಡಿಸಿಕೊಳ್ಳಬಹುದು. ಆ ಕಾರಣದ ಅರ್ಧಭಾಗ ಕನ್ನಡ ಮಾತನಾಡುವವರ ಬಾಯಲ್ಲಿ ಆಗಲೇ ಇದೆ.

ಎರಡು ಕೆಲಸ ಒಂದರ ಬೆನ್ನಿಗೆ ಒಂದು ನಡೆದವೆಂದು ಹೇಳಲು ಕನ್ನಡದಲ್ಲಿ ಎಷ್ಟು ದಾರಿಗಳಿವೆ ನೋಡಿ. ಬಸ್ ಬಂದ ಕೂಡಲೇ, ಬಂದೊಡನೆ, ಬರುತ್ತಿದ್ದಂತೆ ಎಂಬಿವು ನೇರವಾದವು. ಇವೆಲ್ಲ ‘ಆ್ಯಸ್ ಸೂನ್ ಆ್ಯಸ್’ ಇದ್ದ ಹಾಗೆ. ಮಾತಿಗೆ ಸ್ವಲ್ಪ ಬಿಸಿ ಬೇಕಾದಾಗ ‘ಬಸ್ ಬಂದಿದ್ದೇ ತಡ, ಹುಡುಗರು ಹತ್ತಿಬಿಟ್ಟರು’ ಎನ್ನುತ್ತೇವೆ. ಅದಕ್ಕಿಂತಲೂ ಅವಸರವಿದ್ದರೆ ‘ಬಸ್ ಬಂತೋ ಇಲ್ಲವೋ, ಹುಡುಗರು ಹತ್ತಿಬಿಟ್ಟರು’ ಎಂದು ‘ಇಲ್ಲ’ವನ್ನೇ ಎಳೆದು ತರುತ್ತೇವೆ. ಬಸ್ ಬಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ‘ಇಲ್ಲವೋ’ ಎಂದಾಗ, ಅದು ಬಂದದ್ದನ್ನು ಗಮನಿಸಲೂ ಪುರಸೊತ್ತು ಸಿಗಲಿಲ್ಲ ಎಂಬ ಭಾವ ಬರುತ್ತದೆ. ನಡೆದ ಸಂಗತಿಯನ್ನೇ ನಿಷೇಧದ ಪದ ಹಾಕಿ ಹೇಳುವ ಈ ಜಾಣ್ಮೆಯೇ ಇಂಗ್ಲಿಷಿನ ‘ನೋ ಸೂನರ್’ನಲ್ಲೂ ಇದೆ. ‘ಆ್ಯಸ್ ಸೂನ್ ಆ್ಯಸ್’ ಇರುವ ವಾಕ್ಯವನ್ನು ನಿಷೇಧ ರೂಪಕ್ಕೆ ತನ್ನಿ ಎಂದಾಗ ‘ನೋ ಸೂನರ್’ ಬರುವುದು ಇದೇ ಕಾರಣಕ್ಕೆ.

‘ಸೂನರ್’ ಎಂದರೆ ‘ಇನ್ನೂ ಬೇಗ’, ‘ಮುಂಚೆ’. ‘ಟಾಲ್’ನಿಂದ ‘ಟಾಲರ್’ ಆದಂತೆ ‘ಸೂನ್’ನಿಂದ ಆದ ಹೋಲಿಕೆಯ ರೂಪ ಅದು. ಹೋಲಿಕೆ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಗಿಂತ’ ಎಂಬರ್ಥದ ‘ದ್ಯಾನ್’ ಬರಲೇಬೇಕು. ಹಾಗಾಗಿ ‘ನೋ ಸೂನರ್... ದ್ಯಾನ್’ ಎಂದರೆ ಒಂದು ಇನ್ನೊಂದಕ್ಕಿಂತ ಮುಂಚೆಯೇನಲ್ಲ, ಎರಡರ ನಡುವೆ ಅಂತರವೇ ಇರಲಿಲ್ಲ ಎಂದರ್ಥ. ಇಷ್ಟು ಗೊತ್ತಿದ್ದರೆ ಡಿ ಆಯ್ಕೆ ತಾನಾಗಿಯೇ ಬಿದ್ದುಹೋಗುತ್ತದೆ. ಅಲ್ಲಿ ‘ದ್ಯಾನ್’ ಇರಬೇಕಾದ ಜಾಗದಲ್ಲಿ ‘ವೆನ್’ ಕೂತಿದೆ. ಕೆಲವು ಪ್ರಶ್ನೆಗಳಲ್ಲಿ ‘ದ್ಯಾನ್’ ಬದಲು ‘ದೆನ್’ ಎಂದು ಒಂದಕ್ಷರ ಬದಲಿಸಿ ಇಡುವುದೂ ಉಂಟು. ‘ದೆನ್’ ಎಂದರೆ ‘ಆಮೇಲೆ’. ಕಥೆಯಲ್ಲಿ ಹುಡುಗರು ಆಮೇಲೆಯೇ ಹತ್ತಿದ್ದರಿಂದ ಅದೂ ಸರಿಯೆನಿಸಿ ಕಣ್ಣು ಮೋಸಹೋಗುತ್ತದೆ. ಹೋಲಿಕೆಯ ಕೆಲಸ ಅದಕ್ಕೆ ಬರುವುದಿಲ್ಲ.

‘ವೆನ್’ ಬರುವ ಮನೆ ಬೇರೆ. ‘ಹಾರ್ಡ್ಲಿ’ ಅಥವಾ ‘ಸ್ಕೇರ್ಸ್ಲಿ’ ಎಂದು ಶುರುವಾದ ವಾಕ್ಯ ‘ವೆನ್’ ಜೊತೆ ಹೋಗುತ್ತದೆ: ‘ಹಾರ್ಡ್ಲಿ ಹ್ಯಾಡ್ ದ ಬಸ್ ಕಮ್ ವೆನ್ ದ ಬಾಯ್ಸ್ ಗಾಟ್ ಇನ್.’ ಇದು ನಮ್ಮ ‘ಬಂತೋ ಇಲ್ಲವೋ’ಗೆ ತೀರ ಹತ್ತಿರದ್ದು. ‘ಹಾರ್ಡ್ಲಿ’ಯಲ್ಲಿ ‘ಸೂನರ್’ನಂಥ ಹೋಲಿಕೆಯ ಬಾಲವಿಲ್ಲ. ಹೋಲಿಕೆಯಿಲ್ಲದಲ್ಲಿ ‘ದ್ಯಾನ್’ಗೂ ಕೆಲಸವಿಲ್ಲ. ಬಸ್ ಆಗಷ್ಟೇ ಬಂದಿತ್ತು, ಆಗಲೇ ಹತ್ತಿದರು ಎಂಬ ಲೆಕ್ಕ. ಆ ‘ಆಗ’ವನ್ನು ‘ವೆನ್’ ಹೇಳುತ್ತದೆ.

ಇನ್ನು ಎ ಮತ್ತು ಬಿ.

ಎ ಆಯ್ಕೆಯಲ್ಲಿ ‘ನೋ ಸೂನರ್’ ಇದೆ, ‘ದ್ಯಾನ್’ ಇದೆ, ಆದರೂ ವಾಕ್ಯ ನಿಲ್ಲುವುದಿಲ್ಲ. ನಿಷೇಧದ ಪದವನ್ನು ವಾಕ್ಯದ ತಲೆಗೆ ತಂದು ಕೂರಿಸಿದರೆ ಇಂಗ್ಲಿಷ್ ಸಹಾಯಕ ಕ್ರಿಯಾಪದವನ್ನು ಕರ್ತೃಪದದ ಮುಂದಕ್ಕೆ ಕರೆಯುತ್ತದೆ. ಪ್ರಶ್ನೆ ಕೇಳುವಾಗ ‘ಡಿಡ್ ದ ಬಸ್ ಕಮ್?’ ಎನ್ನುತ್ತಾರಲ್ಲ, ಅದೇ ಜೋಡಣೆ. ‘ನೆವರ್’, ‘ರೇರ್ಲಿ’, ‘ಹಾರ್ಡ್ಲಿ’ ಮುಂದೆ ಬಂದಾಗಲೂ ಹೀಗೆಯೇ. ಇದು ಇಂಗ್ಲಿಷಿನ ಬಹಳ ಹಳೆಯ ರೂಢಿಯೊಂದರ ಉಳಿಕೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಬೇರೇನಾದರೂ ಬಂದರೆ ಕ್ರಿಯಾಪದ ಎರಡನೆಯ ಜಾಗಕ್ಕೆ ಜಿಗಿಯುವುದು ಸಾಮಾನ್ಯವಾಗಿತ್ತು. ಅದರ ದಾಯಾದಿ ಭಾಷೆಯಾದ ಜರ್ಮನ್‌ನಲ್ಲಿ ಇಂದಿಗೂ ಹಾಗೆಯೇ ಇದೆ. ಇಂಗ್ಲಿಷಿನಲ್ಲಿ ಆ ಪದ್ಧತಿ ಬಹುಪಾಲು ಅಳಿದರೂ ನಿಷೇಧದ ಪದಗಳ ಹಿಂದೆ ಉಳಿದುಕೊಂಡಿತು.

ಕಾರಣ ಇದೇ ಎನ್ನಲು ಸಾಕ್ಷಿಯೂ ಇದೆ. ‘ನೋ ಸೂನರ್’ ಅನ್ನು ತಲೆಯಿಂದ ಇಳಿಸಿ ನಡುವೆ ಇಟ್ಟುನೋಡಿ: ‘ದ ಬಸ್ ಹ್ಯಾಡ್ ನೋ ಸೂನರ್ ಕಮ್ ದ್ಯಾನ್ ದ ಬಾಯ್ಸ್ ಗಾಟ್ ಇನ್.’ ಇದೂ ಒಳ್ಳೆಯ ಇಂಗ್ಲಿಷೇ. ಇಲ್ಲಿ ಕರ್ತೃಪದ ‘ಬಸ್’ ಮೊದಲಿಗೇ ಇದೆ, ಯಾವುದೂ ಹಿಂದುಮುಂದಾಗಿಲ್ಲ. ಆಯ್ಕೆಗಳಲ್ಲಿ ಇಂಥ ವಾಕ್ಯ ಕಂಡರೆ ‘ನೋ ಸೂನರ್ ಮೊದಲಿಗಿಲ್ಲ’ ಎಂದು ಹೊಡೆದುಹಾಕಬಾರದು.

ಬಿ ಆಯ್ಕೆಗೆ ಬಲಿಯಾಗುವವರ ಸಂಖ್ಯೆ ಚಿಕ್ಕದಿರಲಾರದು. ಅಲ್ಲಿ ‘ಡಿಡ್’ ಬಂದಿದೆ, ಜಾಗವೂ ಸರಿಯಿದೆ. ತಪ್ಪಿರುವುದು ‘ಕೇಮ್’ನಲ್ಲಿ. ಮೂಲ ವಾಕ್ಯದ ‘ಕೇಮ್’ ಭೂತಕಾಲವನ್ನು ತನ್ನೊಳಗೇ ಹೊತ್ತಿತ್ತು. ಈಗ ಆ ಹೊರೆಯನ್ನು ‘ಡಿಡ್’ ಹೊತ್ತುಕೊಂಡಿದೆ. ಒಂದೇ ಹೊರೆಯನ್ನು ಇಬ್ಬರು ಹೊರುವಂತಿಲ್ಲವಾದ್ದರಿಂದ ‘ಕೇಮ್’ ತನ್ನ ಮೂಲರೂಪ ‘ಕಮ್’ಗೆ ಮರಳಬೇಕು. ಉತ್ತರ ಸಿ. ಆದರೆ ವಾಕ್ಯದ ಎರಡನೆಯ ಅರ್ಧದಲ್ಲಿ ‘ಡಿಡ್’ ಇಲ್ಲ. ಅಲ್ಲಿ ‘ಗಾಟ್ ಇನ್’ ಹಾಗೆಯೇ ಉಳಿಯುತ್ತದೆ, ‘ಗೆಟ್ ಇನ್’ ಆಗುವುದಿಲ್ಲ. ವರ್ತಮಾನಕಾಲದಲ್ಲೂ ಇದೇ ನ್ಯಾಯ. ‘ಆ್ಯಸ್ ಸೂನ್ ಆ್ಯಸ್ ಇಟ್ ರೇನ್ಸ್, ದ ಪವರ್ ಗೋಸ್’ ಎಂಬುದು ‘ನೋ ಸೂನರ್ ಡಸ್ ಇಟ್ ರೇನ್ ದ್ಯಾನ್ ದ ಪವರ್ ಗೋಸ್’ ಆಗುತ್ತದೆ. ‘ರೇನ್ಸ್’ನ ಕೊನೆಯ ‘ಸ್’ ಅನ್ನು ‘ಡಸ್’ ತೆಗೆದುಕೊಂಡಿತು, ‘ಗೋಸ್’ನದನ್ನು ಯಾರೂ ಮುಟ್ಟಲಿಲ್ಲ. ಮಳೆ ಹನಿ ಬಿದ್ದಿದ್ದೇ ತಡ ಕರೆಂಟು ಹೋಗುವ ಊರಿನವರಿಗೆ ಈ ಉದಾಹರಣೆ ಮರೆಯುವುದಿಲ್ಲ.

‘ಡಿಡ್’ ಬದಲು ‘ಹ್ಯಾಡ್’ ಬರಬಾರದೇ ಎಂಬ ಪ್ರಶ್ನೆ ತರಗತಿಗಳಲ್ಲಿ ಏಳುತ್ತಲೇ ಇರುತ್ತದೆ. ಧಾರಾಳವಾಗಿ ಬರಬಹುದು. ಹಿಂದೆ ನಡೆದ ಎರಡರಲ್ಲಿ ಮೊದಲು ಮುಗಿದದ್ದನ್ನು ‘ಹ್ಯಾಡ್’ ಹಾಕಿ ಹೇಳುವುದು ಇಂಗ್ಲಿಷಿನ ಪದ್ಧತಿ, ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ನಮ್ಮ ಶಾಲಾ ವ್ಯಾಕರಣಗಳು ಸರಳ ಭೂತಕಾಲದ ವಾಕ್ಯಕ್ಕೆ ‘ಡಿಡ್’ ಹಾಕಿಸುತ್ತವೆ. ಎರಡೂ ಒಪ್ಪಿತವೇ. ಎಚ್ಚರ ಬೇಕಾದದ್ದು ಅದರ ಹಿಂದಿನ ಕ್ರಿಯಾಪದದಲ್ಲಿ. ‘ಡಿಡ್’ ಇದ್ದರೆ ‘ಗೋ’, ‘ಹ್ಯಾಡ್’ ಇದ್ದರೆ ‘ಗಾನ್’. ಎರಡರ ಜೊತೆಗೂ ‘ವೆಂಟ್’ ಬರುವುದಿಲ್ಲ. ಒಂದು ಆಯ್ಕೆಯಲ್ಲಿ ‘ಡಿಡ್’, ಇನ್ನೊಂದರಲ್ಲಿ ‘ಹ್ಯಾಡ್’ ಇದ್ದರೆ, ಯಾವುದು ಮೇಲು ಎಂದು ಯೋಚಿಸುತ್ತ ಕೂರುವ ಮೊದಲು ಈ ಕ್ರಿಯಾಪದವನ್ನೂ ‘ದ್ಯಾನ್’ ಅನ್ನೂ ನೋಡಿಬಿಡಬೇಕು. ಸಾಮಾನ್ಯವಾಗಿ ಎರಡರಲ್ಲಿ ಒಂದು ಅಲ್ಲೇ ಎಡವಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ತಪ್ಪಾಗುವ ವಾಕ್ಯವೊಂದಿದೆ: ‘ನೋ ಸೂನರ್ ಡಿಡ್ ದ ಬಾಯ್ಸ್ ಗೆಟ್ ಇನ್ ದ್ಯಾನ್ ದ ಬಸ್ ಕೇಮ್.’ ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿಲ್ಲ. ಆದರೆ ಹುಡುಗರು ಹತ್ತಿದ ಮೇಲೆ ಬಸ್ ಬಂತು ಎಂದಾಯಿತು. ಮೊದಲು ನಡೆದದ್ದು ‘ನೋ ಸೂನರ್’ ಪಕ್ಕ, ಆಮೇಲಿನದು ‘ದ್ಯಾನ್’ ಪಕ್ಕ ಇರಬೇಕು. ಮೂಲ ವಾಕ್ಯದಲ್ಲಿ ‘ಆ್ಯಸ್ ಸೂನ್ ಆ್ಯಸ್’ ನಡುವೆ ಬಂದಿದ್ದರೆ ಈ ಅದಲುಬದಲು ಸುಲಭವಾಗಿ ಆಗಿಹೋಗುತ್ತದೆ. ‘ದ ಬಾಯ್ಸ್ ಗಾಟ್ ಇನ್ ಆ್ಯಸ್ ಸೂನ್ ಆ್ಯಸ್ ದ ಬಸ್ ಕೇಮ್’ ಎಂದಿದ್ದಾಗ ಕಣ್ಣಿಗೆ ಮೊದಲು ಬೀಳುವುದು ಹುಡುಗರು, ಆದರೆ ಮೊದಲು ಬಂದದ್ದು ಬಸ್. ಅಂಥ ಹೊತ್ತಿನಲ್ಲಿ ಒಂದು ಕ್ಷಣ ಕನ್ನಡದಲ್ಲಿ ‘ಯಾವುದು ಆಗಿದ್ದೇ ತಡ?’ ಎಂದು ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ.

‘ನೋ ಸೂನರ್’ಗೆ ಒಂದು ಗಡಿಯೂ ಇದೆ. ಅದು ನಡೆದದ್ದನ್ನು, ಅಥವಾ ಯಾವಾಗಲೂ ನಡೆಯುವುದನ್ನು ವರ್ಣಿಸುವ ಮಾತು. ‘ಊರು ತಲುಪಿದ ಕೂಡಲೇ ಫೋನ್ ಮಾಡು’ ಎಂಬ ಅಪ್ಪಣೆಗೆ ‘ಆ್ಯಸ್ ಸೂನ್ ಆ್ಯಸ್’ ಚೆನ್ನಾಗಿ ಒಗ್ಗುತ್ತದೆ, ‘ನೋ ಸೂನರ್’ ಒಗ್ಗುವುದಿಲ್ಲ. ಕನ್ನಡದಲ್ಲೂ ‘ತಲುಪಿದ್ದೇ ತಡ ಫೋನ್ ಮಾಡು’ ಎಂದರೆ ಏನೋ ಒಂದು ತೊಡಕು ಕಿವಿಗೆ ತಾಗುತ್ತದಲ್ಲ, ಹಾಗೆಯೇ.

ವಾಕ್ಯ ಪರಿವರ್ತನೆಯ ಈ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬೇರೂರಲು ಒಂದು ಪುಸ್ತಕ ಬಹುಮಟ್ಟಿಗೆ ಕಾರಣ. ಮೇಷ್ಟರುಗಳು ಇಂದಿಗೂ ‘ರೆನ್ ಅಂಡ್ ಮಾರ್ಟಿನ್’ ಎಂದೇ ಕರೆಯುವ ಆ ವ್ಯಾಕರಣದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಅದರ ಕರ್ತೃಗಳಲ್ಲಿ ಒಬ್ಬರಾದ ಪಿ.ಸಿ. ರೆನ್ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. 1924ರಲ್ಲಿ ಬಂದ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯೂ ಇವರದೇ.

ಇದೇ ಅಧ್ಯಾಯದ ಇನ್ನೊಂದು ಭಾಗ ಸಾಧಾರಣ ವಾಕ್ಯವನ್ನು ನಿಷೇಧಕ್ಕೆ ತಿರುಗಿಸುವುದು. ನಿಯಮ ಸರಳವಾಗಿ ಕಾಣುತ್ತದೆ: ಪದದ ವಿರುದ್ಧ ಪದ ತೆಗೆದುಕೊಂಡು ಅದಕ್ಕೆ ‘ನಾಟ್’ ಸೇರಿಸಿದರೆ ಎರಡು ‘ಇಲ್ಲ’ಗಳು ಒಂದನ್ನೊಂದು ಕಳೆದು ಮೊದಲಿನ ಅರ್ಥ ಉಳಿಯುತ್ತದೆ. ‘ಐ ರಿಮೆಂಬರ್ ಹಿಸ್ ನೇಮ್’, ಅವನ ಹೆಸರು ನೆನಪಿದೆ. ‘ಐ ಹ್ಯಾವ್ ನಾಟ್ ಫರ್ಗಾಟನ್ ಹಿಸ್ ನೇಮ್’, ಅವನ ಹೆಸರು ಮರೆತಿಲ್ಲ. ಸರಿಹೋಯಿತು. ಹಾಗಾದರೆ ‘ದ ಕಾಫಿ ಈಸ್ ಗುಡ್’ ಎಂಬುದನ್ನು ‘ದ ಕಾಫಿ ಈಸ್ ನಾಟ್ ಬ್ಯಾಡ್’ ಎನ್ನಬಹುದೇ? ಮನೆಯಲ್ಲಿ ಕಾಫಿ ಮಾಡಿಕೊಟ್ಟವರಿಗೆ ‘ಕೆಟ್ಟದ್ದೇನಿಲ್ಲ’ ಎಂದು ಹೇಳಿದರೆ ಅವರ ಮುಖ ಹೇಗಾಗುತ್ತದೆಂದು ನೆನೆಸಿಕೊಂಡರೆ ಉತ್ತರ ಸಿಗುತ್ತದೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ‘ಪರವಾಗಿಲ್ಲ’ ಎಂಬ ಅಗಲವಾದ ಜಾಗವಿದೆ. ಎತ್ತರ–ಗಿಡ್ಡ, ಬಿಸಿ–ತಣ್ಣಗೆ ಇವೆಲ್ಲ ಅಂಥ ಜೋಡಿಗಳು. ನೆನಪು–ಮರೆವು, ಹಾಜರಿ–ಗೈರುಹಾಜರಿ, ಬದುಕು–ಸಾವು ಎಂಬಿವುಗಳ ನಡುವೆ ಮೂರನೆಯ ಜಾಗವಿಲ್ಲ. ಇಂಥವನ್ನು ಮಾತ್ರ ‘ನಾಟ್’ ಹಾಕಿ ಧೈರ್ಯವಾಗಿ ತಿರುಗಿಸಬಹುದು. ಆಯ್ಕೆಗಳಲ್ಲಿ ಎರಡು ವಾಕ್ಯಗಳೂ ನಿಷೇಧದಲ್ಲಿದ್ದು, ವ್ಯಾಕರಣವೂ ಸರಿಯಿದ್ದರೆ, ನಡುವೆ ಜಾಗ ಬಿಡದ ಜೋಡಿಯನ್ನು ಹುಡುಕಬೇಕು.

ವಿರುದ್ಧ ಪದವೇ ಇಲ್ಲದಾಗ ಇಂಗ್ಲಿಷ್ ಬೇರೆ ದಾರಿ ಹಿಡಿಯುತ್ತದೆ. ‘ಓನ್ಲಿ ರವಿ ಕ್ಯಾನ್ ಓಪನ್ ದಿಸ್ ಲಾಕ್’ ಎಂಬುದು ‘ನನ್ ಬಟ್ ರವಿ ಕ್ಯಾನ್ ಓಪನ್ ದಿಸ್ ಲಾಕ್’ ಆಗುತ್ತದೆ. ಇಲ್ಲಿ ‘ಬಟ್’ ಅನ್ನು ‘ಆದರೆ’ ಎಂದು ಓದಿದವರಿಗೆ ವಾಕ್ಯ ಬಿಡಿಸಲಾರದ ಒಗಟು. ಅದನ್ನು ‘ಬಿಟ್ಟು’ ಎಂದು ಓದಿದರೆ ಸಾಕು. ರವಿಯನ್ನು ಬಿಟ್ಟು ಬೇರೆ ಯಾರಿಗೂ ಈ ಬೀಗ ತೆಗೆಯಲಾಗದು. ಮನುಷ್ಯರಿಗೆ ‘ನನ್ ಬಟ್’, ವಸ್ತುಗಳಿಗೆ ‘ನಥಿಂಗ್ ಬಟ್’. ಅನ್ನ ಬಿಟ್ಟು ಬೇರೇನೂ ತಿನ್ನಲಿಲ್ಲ ಎನ್ನಲು ‘ಹಿ ಏಟ್ ನಥಿಂಗ್ ಬಟ್ ರೈಸ್’. ‘ಯು ಮಸ್ಟ್ ಗೋ’ ಎಂಬುದು ‘ಯು ಕೆನಾಟ್ ಬಟ್ ಗೋ’ ಆದಾಗಲೂ ಅದೇ ‘ಬಿಟ್ಟು’: ಹೋಗುವುದು ಬಿಟ್ಟು ಬೇರೆ ದಾರಿಯಿಲ್ಲ, ಹೋಗದೆ ವಿಧಿಯಿಲ್ಲ. ‘ಹೋಗಬಾರದು’ ಎಂಬರ್ಥದ ‘ಯು ಮಸ್ಟ್ ನಾಟ್ ಗೋ’ ಪಕ್ಕದಲ್ಲೇ ಹೊಂಚುಹಾಕಿ ಕೂತಿರುತ್ತದೆ. ಅದು ನಿಷೇಧವೇನೋ ಹೌದು, ಆದರೆ ಮೂಲಕ್ಕೆ ಪೂರ್ತಿ ಎದುರು.

ಪ್ರಶ್ನೆಯಾಗಿ ಬದಲಿಸುವ ವಿದ್ಯೆಯಂತೂ ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದು. ‘ದುಡ್ಡು ಯಾರಿಗೆ ಬೇಡ?’ ಎಂದು ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಎಲ್ಲರಿಗೂ ಬೇಕು ಎಂಬುದೇ ಅವರ ಮಾತು. ‘ನಾಳೆ ಏನಾಗುತ್ತದೋ ಯಾರಿಗೆ ಗೊತ್ತು?’ ಎಂದರೆ ಯಾರಿಗೂ ಗೊತ್ತಿಲ್ಲ ಎಂದು. ಗಮನಿಸಿದರೆ ಒಂದು ಅಡ್ಡಕಟ್ಟು ಕಾಣುತ್ತದೆ. ಮನಸ್ಸಿನಲ್ಲಿ ‘ಹೌದು’ ಇದ್ದರೆ ಪ್ರಶ್ನೆಯಲ್ಲಿ ‘ಬೇಡ’, ಮನಸ್ಸಿನಲ್ಲಿ ‘ಇಲ್ಲ’ ಇದ್ದರೆ ಪ್ರಶ್ನೆ ಸಾದಾ. ಇಂಗ್ಲಿಷಿನಲ್ಲೂ ಅಷ್ಟೇ. ‘ಎವ್ರಿಒನ್ ವಾಂಟ್ಸ್ ಮನಿ’ ಎಂಬುದು ‘ಹೂ ಡಸ್ ನಾಟ್ ವಾಂಟ್ ಮನಿ?’ ಆಗುತ್ತದೆ. ‘ನೋಬಡಿ ನೋಸ್’ ಎಂಬುದು ‘ಹೂ ನೋಸ್?’ ಆಗುತ್ತದೆ. ‘ಐ ಹ್ಯಾವ್ ನೆವರ್ ಟೋಲ್ಡ್ ಎ ಲೈ’ ಎಂಬುದು ‘ಹ್ಯಾವ್ ಐ ಎವರ್ ಟೋಲ್ಡ್ ಎ ಲೈ?’ ಆಗುವಾಗ ‘ನೆವರ್’ ತನ್ನ ‘ನ’ಕಾರ ಕಳಚಿ ‘ಎವರ್’ ಆಗಿದ್ದನ್ನು ನೋಡಬೇಕು. ‘ನಾನು ಯಾವತ್ತಾದರೂ ಸುಳ್ಳು ಹೇಳಿದ್ದೀನಾ?’ ಎಂದು ಸಿಟ್ಟಿನಿಂದ ಕೇಳುವವರ ದನಿಯೇ ಅದು.

ಆಯ್ಕೆಗಳಲ್ಲಿ ಇಲ್ಲಿನ ಬಲೆ ‘ಡಸ್ ಎವ್ರಿಒನ್ ವಾಂಟ್ ಮನಿ?’ ಎಂಬುದು. ಪದಗಳೆಲ್ಲ ಮೂಲದವೇ, ಜೋಡಣೆಯೂ ಪ್ರಶ್ನೆಯದೇ. ಆದರೆ ಇದು ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ. ಇದಕ್ಕೆ ಹೌದೆಂದೂ ಅನ್ನಬಹುದು, ಇಲ್ಲವೆಂದೂ ಅನ್ನಬಹುದು. ಮೂಲ ವಾಕ್ಯದಲ್ಲಿ ಆ ಅನುಮಾನ ಇರಲಿಲ್ಲ.

ಉದ್ಗಾರಕ್ಕೆ ಬಂದರೆ ಕನ್ನಡ ಇನ್ನೂ ಹತ್ತಿರ ಬರುತ್ತದೆ. ಬೇಲೂರಿನ ಚೆನ್ನಕೇಶವನ ಗುಡಿಯ ಮುಂದೆ ನಿಂತವರು ‘ಎಂಥ ಹಳೆಯ ದೇವಸ್ಥಾನ!’ ಎನ್ನುತ್ತಾರೆ, ಇಲ್ಲವೇ ‘ಈ ದೇವಸ್ಥಾನ ಎಷ್ಟು ಹಳೆಯದು!’ ಎನ್ನುತ್ತಾರೆ. ‘ಎಂಥ’ ನಾಮಪದವನ್ನು ಕೇಳುತ್ತದೆ, ‘ಎಷ್ಟು’ ಗುಣವನ್ನು ಕೇಳುತ್ತದೆ. ಇಂಗ್ಲಿಷಿನ ‘ವಾಟ್’ ಮತ್ತು ‘ಹೌ’ ನಡುವಿನ ಹಂಚಿಕೆಯೂ ಇದೇ. ‘ಇಟ್ ಈಸ್ ಎ ವೆರಿ ಓಲ್ಡ್ ಟೆಂಪಲ್’ ಎಂಬುದು ‘ವಾಟ್ ಆ್ಯನ್ ಓಲ್ಡ್ ಟೆಂಪಲ್ ಇಟ್ ಈಸ್!’ ಆಗುತ್ತದೆ. ‘ದ ಟೆಂಪಲ್ ಈಸ್ ವೆರಿ ಓಲ್ಡ್’ ಎಂಬುದು ‘ಹೌ ಓಲ್ಡ್ ದ ಟೆಂಪಲ್ ಈಸ್!’ ಆಗುತ್ತದೆ. ‘ವೆರಿ’ ಎರಡರಲ್ಲೂ ಮಾಯ, ಏಕೆಂದರೆ ಅದರ ಕೆಲಸವನ್ನು ‘ವಾಟ್’ ಅಥವಾ ‘ಹೌ’ ವಹಿಸಿಕೊಂಡಾಯಿತು. ‘ವೆರಿ’ ಹೋದ ಮೇಲೆ ಹಿಂದಿನ ‘ಎ’ ಸ್ವರದ ಮುಂದೆ ಬಂದು ‘ಆ್ಯನ್’ ಆದದ್ದನ್ನೂ ಕೆಲವು ಆಯ್ಕೆಗಳು ಬೇಕೆಂದೇ ಮರೆತಿರುತ್ತವೆ.

ಕನ್ನಡ ಕೈಕೊಡುವುದು ಒಂದೇ ಕಡೆ. ‘ಈ ದೇವಸ್ಥಾನ ಎಷ್ಟು ಹಳೆಯದು’ ಎಂಬ ಸಾಲು ನಮ್ಮಲ್ಲಿ ಬೆರಗೂ ಹೌದು, ಪ್ರಶ್ನೆಯೂ ಹೌದು. ದನಿ ಏರಿಳಿದು ವ್ಯತ್ಯಾಸ ಹೇಳುತ್ತದೆ, ಪದಗಳು ಜಾಗ ಬಿಟ್ಟು ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಕದಲುತ್ತವೆ. ಉದ್ಗಾರದಲ್ಲಿ ಕರ್ತೃಪದ ಮೊದಲು, ‘ಈಸ್’ ಕೊನೆಗೆ. ಪ್ರಶ್ನೆಯಲ್ಲಿ ‘ಈಸ್’ ಮೊದಲು. ‘ನೋ ಸೂನರ್’ ಪಾಠದಲ್ಲಿ ಹಿಂದುಮುಂದು ಮಾಡಿ ರೂಢಿಯಾದ ಕೈ ಇಲ್ಲೂ ಹಾಗೇ ಮಾಡಿ ‘ಹೌ ಓಲ್ಡ್ ಈಸ್ ದ ಟೆಂಪಲ್!’ ಎಂಬ ಆಯ್ಕೆಗೆ ಗುರುತು ಹಾಕಿಬಿಡುತ್ತದೆ, ಕೊನೆಯಲ್ಲಿ ಉದ್ಗಾರ ಚಿಹ್ನೆ ಇದೆಯಲ್ಲ ಎಂಬ ಧೈರ್ಯದಿಂದ. ಬೇಲೂರಿನ ಗೈಡ್ ಒಬ್ಬರ ಮುಂದೆ ಅದೇ ಪದಗಳನ್ನು ಅದೇ ಸಾಲಿನಲ್ಲಿ ಹೇಳಿದರೆ ಅವರು ಕೊಡುವುದು 1117 ಎಂಬ ಉತ್ತರ. ‘ಹೌ ಓಲ್ಡ್ ದ ಟೆಂಪಲ್ ಈಸ್!’ ಎಂದವರಿಗೆ ಅವರು ಇಸವಿ ಹೇಳುವುದಿಲ್ಲ, ‘ಹೌದು’ ಎಂದು ತಲೆದೂಗುತ್ತಾರೆ.